ರಾಜೀನಾಮೆ ಪತ್ರದಲ್ಲಿ ನೋವಿಗೆ ಎಷ್ಟು ಜಾಗ?

ಓದುಗರ ಪತ್ರ: "ಹನ್ನೊಂದು ವರ್ಷದಿಂದ ಒಂದೇ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ಬಿಡಬೇಕೆಂದು ನಿರ್ಧರಿಸಿದ್ದೇನೆ. ನಾನು ಬರೆದ ಕರಡು ಹೀಗಿದೆ: 'ಈ ಶಾಲೆಗಾಗಿ ಜೀವ ತೇಯ್ದೆ. ಒಂದು ದಿನವೂ ಯಾರೂ ನನ್ನ ಕಷ್ಟ ಕೇಳಲಿಲ್ಲ. ಎಲ್ಲರ ಮುಂದೆ ಗದರಿಸಿದ ದಿನವೇ ಮನಸ್ಸು ಮುರಿಯಿತು. ಮಕ್ಕಳನ್ನು ಬಿಟ್ಟು ಹೋಗುವುದೇ ಸಂಕಟ. ಆದರೂ ಇನ್ನು ಇಲ್ಲಿ ಇರಲಾರೆ, ನಾಳೆಯಿಂದಲೇ ಬರುವುದು ಬೇಡ ಎನ್ನಿಸುತ್ತಿದೆ.' ನೇಮಕಾತಿ ಆದೇಶದಲ್ಲಿ ಒಂದು ತಿಂಗಳ ನೋಟಿಸ್ ಎಂದಿದೆ. ಇದನ್ನು ಹೇಗೆ ತಿದ್ದಲಿ?"

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಕರಡಿನಲ್ಲಿ ಸಿಟ್ಟಿಗಿಂತ ದೊಡ್ಡ ತೊಡಕು ಕೊನೆಯ ಸಾಲಿನಲ್ಲಿದೆ. "ಬೇಡ ಎನ್ನಿಸುತ್ತಿದೆ" ಎಂದರೆ ರಾಜೀನಾಮೆ ಕೊಟ್ಟಂತೆಯೂ ಆಗಲಿಲ್ಲ, ಕೊಡದಂತೆಯೂ ಆಗಲಿಲ್ಲ. ಓದಿದವರು ಅದನ್ನು ಅಳಲು ಎಂದುಕೊಂಡು ಬದಿಗಿಟ್ಟರೆ ನಿಮ್ಮ ನೋಟಿಸ್ ಅವಧಿ ಶುರುವೇ ಆಗಿಲ್ಲ ಎಂದು ವಾದಿಸಬಹುದು. "ನಾಳೆಯಿಂದಲೇ" ಎಂಬುದನ್ನು ಅಕ್ಷರಶಃ ತೆಗೆದುಕೊಂಡರೆ ನೋಟಿಸ್ ಕೊಡದೆ ಹೋದಿರಿ ಎಂದಾಗಿ, ಆ ತಿಂಗಳ ಸಂಬಳ ಹಿಡಿದುಕೊಳ್ಳಲು ದಾರಿಯಾಗಬಹುದು. ಹಾಗಾಗಿ ಮೊದಲು ಬರೆಯಬೇಕಾದ್ದು "ರಾಜೀನಾಮೆ ಸಲ್ಲಿಸುತ್ತಿದ್ದೇನೆ" ಎಂಬ ನೇರ ಕ್ರಿಯಾಪದ. ಯೋಚಿಸುತ್ತಿದ್ದೇನೆ, ಬಯಸುತ್ತೇನೆ, ದಯವಿಟ್ಟು ಪರಿಶೀಲಿಸಿ, ಇವು ಯಾವುವೂ ಬೇಡ.

ಈಗ ದಿನಾಂಕ. ಇಲ್ಲಿಯೇ ಹೆಚ್ಚು ಜನ ಎಡವುತ್ತಾರೆ. ನೀವು ಪತ್ರ ಬರೆದದ್ದು ಜುಲೈ 1, ಕೊಟ್ಟದ್ದು ಜುಲೈ 3 ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಲೆಕ್ಕ ಶುರುವಾಗುವುದು ಶಾಲೆಗೆ ಪತ್ರ ತಲುಪಿದ ದಿನದಿಂದ. ಆದ್ದರಿಂದ ಪತ್ರದ ಮೇಲೂ ಜುಲೈ 3 ಎಂದೇ ಹಾಕಿ. "ಒಂದು ತಿಂಗಳು" ಬೇರೆ, "30 ದಿನ" ಬೇರೆ. ಮರುದಿನದಿಂದ ಎಣಿಸಿದರೆ 30 ದಿನ ಮುಗಿಯುವುದು ಆಗಸ್ಟ್ 2ಕ್ಕೆ, ಒಂದು ತಿಂಗಳು ಮುಗಿಯುವುದು ಆಗಸ್ಟ್ 3ಕ್ಕೆ. ಒಂದೇ ದಿನದ ವ್ಯತ್ಯಾಸ ನಿಜ, ಆದರೆ ಗುಮಾಸ್ತರ ಲೆಕ್ಕದಲ್ಲಿ ಅದೇ ದೊಡ್ಡದಾಗುತ್ತದೆ. ನಿಮ್ಮ ಆದೇಶದಲ್ಲಿರುವ ಪದವನ್ನೇ ಬಳಸಿ, ಜೊತೆಗೆ ಕೊನೆಯ ಕೆಲಸದ ದಿನವನ್ನೂ ಬರೆಯಿರಿ. ದೀರ್ಘ ರಜೆಯ ದಿನಗಳು ನೋಟಿಸ್‌ಗೆ ಸೇರುವುದಿಲ್ಲ ಎಂಬ ಷರತ್ತು ಅಥವಾ ಶೈಕ್ಷಣಿಕ ವರ್ಷದ ನಡುವೆ ಬಿಡಬಾರದೆಂಬ ಷರತ್ತು ಇದೆಯೇ ಎಂದು ಅದೇ ಆದೇಶದಲ್ಲಿ ನೋಡಿಕೊಳ್ಳಿ. ಇದ್ದರೆ ತಾರೀಕು ಬದಲಾಗುತ್ತದೆ.

ಇನ್ನು ನಿಮ್ಮ ಭಾವನೆಗಳ ವಿಷಯ. ಎಲ್ಲವನ್ನೂ ಅಳಿಸಿಹಾಕಬೇಕಿಲ್ಲ. "ಮಕ್ಕಳನ್ನು ಬಿಟ್ಟು ಹೋಗುವುದೇ ಸಂಕಟ" ಎಂಬ ಸಾಲಿನ ಜೀವ ಉಳಿಯಬೇಕು. ಅದನ್ನು ಕೆಲಸ ಒಪ್ಪಿಸುವ ಮಾತಾಗಿ ತಿರುಗಿಸಿದರೆ ಸಾಕು. "ಜೀವ ತೇಯ್ದೆ" ಎಂಬುದು "ಹನ್ನೊಂದು ವರ್ಷ ಸೇವೆ ಸಲ್ಲಿಸಿದ್ದೇನೆ" ಎಂದಾಗಲಿ. ಗದರಿಸಿದ ಪ್ರಸಂಗ ಮಾತ್ರ ಇಲ್ಲಿ ಬೇಡ. ಈ ಕಾಗದ ನಿಮ್ಮ ಕಡತದಲ್ಲಿ ಉಳಿಯುತ್ತದೆ, ಮುಂದೆ ಅನುಭವ ಪತ್ರ ಬರೆಯುವವರು ಅದನ್ನೇ ತೆಗೆದು ನೋಡುತ್ತಾರೆ. ದೂರು ಕೊಡಬೇಕೆಂದಿದ್ದರೆ ಘಟನೆ, ದಿನಾಂಕ, ಅಲ್ಲಿದ್ದವರು ಯಾರು ಎಂದು ಬೇರೆ ಪತ್ರದಲ್ಲಿ ಬರೆಯಿರಿ. ಹಾಗಿದ್ದಲ್ಲಿ ರಾಜೀನಾಮೆಯಲ್ಲಿ "ವೈಯಕ್ತಿಕ ಕಾರಣಗಳಿಂದ" ಎಂದು ರೂಢಿಗೆಂದು ಸೇರಿಸಬೇಡಿ. ನಾಳೆ ನಿಮ್ಮ ದೂರಿಗೆ ನಿಮ್ಮದೇ ಕಾಗದ ಎದುರು ನಿಲ್ಲುತ್ತದೆ. ಕಾರಣ ಹೇಳದೆಯೂ ಪತ್ರ ಪೂರ್ಣವೇ.

ತಿದ್ದಿದ ಪತ್ರ ಹೀಗಾಗುತ್ತದೆ. ಇಂದ, ಇವರಿಗೆ, ದಿನಾಂಕ ಮಾಮೂಲಿನಂತೆ ಮೇಲೆ ಬರಲಿ.

ವಿಷಯ: ಗಣಿತ ಶಿಕ್ಷಕಿ ಹುದ್ದೆಗೆ ರಾಜೀನಾಮೆ

ಉಲ್ಲೇಖ: ನನ್ನ ನೇಮಕಾತಿ ಆದೇಶದ ಸಂಖ್ಯೆ ಮತ್ತು ದಿನಾಂಕ

ಮಾನ್ಯರೇ,

ಈ ಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಗಣಿತ ಶಿಕ್ಷಕಿಯಾಗಿ ಸೇವೆ ಸಲ್ಲಿಸುತ್ತಿರುವ ನಾನು ಈ ಮೂಲಕ ನನ್ನ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಉಲ್ಲೇಖಿತ ಆದೇಶದಂತೆ ಒಂದು ತಿಂಗಳ ನೋಟಿಸ್ ನೀಡುತ್ತಿದ್ದು, ಆಗಸ್ಟ್ 3 ನನ್ನ ಕೊನೆಯ ಕೆಲಸದ ದಿನವಾಗಿರುತ್ತದೆ.

ನನ್ನ ತರಗತಿಗಳ ಮಕ್ಕಳ ಕಲಿಕೆಗೆ ತೊಂದರೆಯಾಗದಂತೆ, ಮುಗಿದಿರುವ ಪಾಠಗಳ ವಿವರ, ಅಂಕಗಳ ದಾಖಲೆ ಹಾಗೂ ಮೌಲ್ಯಮಾಪನವಾದ ಉತ್ತರಪತ್ರಿಕೆಗಳನ್ನು ಆ ದಿನಾಂಕದೊಳಗೆ ತಾವು ಸೂಚಿಸುವ ಶಿಕ್ಷಕರಿಗೆ ಒಪ್ಪಿಸುತ್ತೇನೆ.

ಇಷ್ಟು ವರ್ಷ ಇಲ್ಲಿ ಕಲಿಸಲು ಅವಕಾಶ ನೀಡಿದ್ದಕ್ಕೆ ಕೃತಜ್ಞಳಾಗಿದ್ದೇನೆ. ರಾಜೀನಾಮೆಯನ್ನು ಅಂಗೀಕರಿಸಿ, ಬಿಡುಗಡೆ ಆದೇಶ ಮತ್ತು ಅನುಭವ ಪತ್ರ ನೀಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ

ಒಪ್ಪಿಸುವ ವಸ್ತುಗಳನ್ನು ಹೆಸರಿಸಿದ್ದನ್ನು ಗಮನಿಸಿ. "ಎಲ್ಲ ಸಹಕಾರ ನೀಡುತ್ತೇನೆ" ಎಂದು ಬಾಯಿತುಂಬ ಬರೆದರೆ, ಪರೀಕ್ಷೆ ಮುಗಿಯುವವರೆಗೂ ಬನ್ನಿ ಎಂದು ಕೇಳಲು ನೀವೇ ಅವಕಾಶ ಕೊಟ್ಟಂತೆ. ಕೃತಜ್ಞತೆಯೂ ಒಂದು ವಾಕ್ಯ ಸಾಕು. ಮನಸ್ಸಿಲ್ಲದೆ ಮೂರು ಸಾಲು ಹೊಗಳಿದರೆ ವ್ಯಂಗ್ಯದಂತೆ ಕೇಳಿಸುತ್ತದೆ.

ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ "ಸ್ವೀಕರಿಸಲಾಗಿದೆ" ಎಂದು ದಿನಾಂಕ, ಸಹಿ, ಮೊಹರು ಹಾಕಿಸಿಕೊಂಡು ನಿಮ್ಮ ಬಳಿ ಇಟ್ಟುಕೊಳ್ಳಿ. ಸಹಿ ಹಾಕಲು ಹಿಂದೇಟು ಹಾಕಿದರೆ ಅದೇ ದಿನ ಶಾಲೆಯ ಅಧಿಕೃತ ಇಮೇಲ್‌ಗೂ ಕಳಿಸಿ, ಸ್ವೀಕೃತಿ ಸಿಗುವ ಅಂಚೆಯಲ್ಲೂ ಹಾಕಿ. ಅಂಚೆಯ ಪ್ರತಿ ಮಾತ್ರ ತಲುಪುವುದಾದರೆ ಕೊನೆಯ ದಿನವನ್ನು ಆ ತಾರೀಕಿಗೆ ಹೊಂದಿಸಿ ಬರೆಯಿರಿ.