ಹಾಲೂಡಿಸುವ ತಾಯಿಯ ಬಾಕಿ ಉಪವಾಸ: ಎಷ್ಟು ಹಿಡಿಯಬೇಕು, ಎಷ್ಟು ಅಕ್ಕಿ ಕೊಡಬೇಕು?

ಓದುಗರ ಪತ್ರ:

ಅಸ್ಸಲಾಮು ಅಲೈಕುಂ ಸಂಪಾದಕರೇ. ನನ್ನ ತವರು ವಿರಾಜಪೇಟೆ ಕಡೆ, ನಾವು ಶಾಫಿಗಳು. ಗಂಡನ ಮನೆ ಕುಶಾಲನಗರದಲ್ಲಿ, ಅವರು ಹನಫಿಗಳು. ಮಗು ಹೊಟ್ಟೆಯಲ್ಲಿದ್ದಾಗ ರಕ್ತ ಕಮ್ಮಿ ಅಂತ ಡಾಕ್ಟರ್ ಹೇಳಿದ್ದರಿಂದ ಆ ರಂಝಾನಿನಲ್ಲಿ 12 ಉಪವಾಸ ಬಿಟ್ಟೆ. ಮರುವರ್ಷ ಮಗುವಿಗೆ ಹತ್ತು ತಿಂಗಳು. ನಾನು ಗಟ್ಟಿಯಾಗಿದ್ದೆ, ಆದರೆ ಉಪವಾಸ ಹಿಡಿದರೆ ಹಾಲು ಇಳಿದು ಮಗು ಸೊರಗುತ್ತಿತ್ತು. 20 ಬಿಟ್ಟೆ, ಮುಟ್ಟಿನಿಂದ 6 ಹೋಯಿತು. ಆಮೇಲೆ ನಾಲ್ಕು ತಿಂಗಳಿಗೆ ಮಗು ಹಾಲು ಬಿಟ್ಟಿತು. ಹಿಡಿಯಬಹುದಿತ್ತು, ನಾಳೆ ನಾಳೆ ಅಂತ ಹಿಡಿಯಲೇ ಇಲ್ಲ. ಹೋದ ರಂಝಾನಿನಲ್ಲಿ ತಪ್ಪಿದ್ದನ್ನು ಮಾತ್ರ ಆಗಲೇ ಹಿಡಿದು ಮುಗಿಸಿದೆ, ಹಳೆಯದು ಹಾಗೇ ಇದೆ. ಒಂದೊಂದಕ್ಕೂ ಅರುವತ್ತು ಹಿಡಿಯಬೇಕು ಅಂತಾರೆ ಅತ್ತೆ. ಪಕ್ಕದ ಮನೆಯವರು ದುಡ್ಡು ಕೊಟ್ಟರೆ ಮುಗೀತು, ಹಿಡಿಯುವುದೇ ಬೇಡ ಅಂತಾರೆ. ರಂಝಾನಿಗೆ ಇನ್ನು ನಾಲ್ಕು ತಿಂಗಳಿದೆ. ಏನು ಮಾಡಲಿ?
— ಒಬ್ಬ ಓದುಗಳು, ಕುಶಾಲನಗರ

ಸಂಪಾದಕರ ಉತ್ತರ:

ವ ಅಲೈಕುಮುಸ್ಸಲಾಂ ಸಹೋದರಿ. ಮೊದಲು ಹೆದರಿಕೆ ಬಿಡಿ. ನೀವು ಹಿಡಿಯಬೇಕಾದದ್ದು 38 ಉಪವಾಸ, ಅಷ್ಟೇ. ಅದರ ಜೊತೆ ಶಾಫಿ ಮದ್ಹಬಿನ ಪ್ರಕಾರ ಸ್ವಲ್ಪ ಅಕ್ಕಿ ಕೊಡುವುದಿದೆ. ಅರುವತ್ತರ ಮಾತು ನಿಮಗೆ ಅನ್ವಯಿಸುವುದೇ ಇಲ್ಲ. ದುಡ್ಡು ಕೊಟ್ಟು ಉಪವಾಸ ಕೈಬಿಡುವುದೂ ನಿಮಗಿಲ್ಲ.

ಅರುವತ್ತು ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಅಬೂ ಹುರೈರಾ ಅವರು ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಂ ಎರಡರಲ್ಲೂ ಇರುವ ಹದೀಸ್ ಅದು. ಒಬ್ಬರು ಪ್ರವಾದಿಯವರ (ಸ) ಬಳಿ ಓಡಿ ಬಂದು, ನಾನು ಹಾಳಾದೆ ಅಂದರು. ರಂಝಾನಿನ ಹಗಲಲ್ಲಿ, ಉಪವಾಸ ಇದ್ದಾಗಲೇ ಹೆಂಡತಿಯನ್ನು ಕೂಡಿದ್ದರು. ಒಬ್ಬ ಗುಲಾಮನನ್ನು ಬಿಡುಗಡೆ ಮಾಡಲು ಆಗುತ್ತದಾ ಅಂತ ಪ್ರವಾದಿ ಕೇಳಿದರು. ಇಲ್ಲ. ಎರಡು ತಿಂಗಳು ಒಂದೇ ಸಮ ಉಪವಾಸ ಹಿಡಿಯಲು ಆಗುತ್ತದಾ? ಇಲ್ಲ. ಅರುವತ್ತು ಬಡವರಿಗೆ ಊಟ ಕೊಡಲು? ಅದೂ ಇಲ್ಲ. ಅಷ್ಟರಲ್ಲಿ ಯಾರೋ ಒಂದು ಬುಟ್ಟಿ ಖರ್ಜೂರ ತಂದರು. ಇದನ್ನು ಕೊಂಡುಹೋಗಿ ದಾನ ಮಾಡು ಅಂದಾಗ, ಮದೀನಾದಲ್ಲಿ ನಮಗಿಂತ ಬಡವರ ಮನೆಯೇ ಇಲ್ಲವಲ್ಲ ಅಂದರು ಆ ಮನುಷ್ಯ. ಪ್ರವಾದಿಯವರು ಹಲ್ಲು ಕಾಣುವಷ್ಟು ನಕ್ಕು, ಹಾಗಾದರೆ ನಿನ್ನ ಮನೆಯವರಿಗೇ ತಿನ್ನಿಸು ಅಂದರು.

ಈ ದಂಡಕ್ಕೆ ಕಫ್ಫಾರತ್ ಅಂತ ಹೆಸರು. ಶಾಫಿ ಮದ್ಹಬಿನಲ್ಲಿ ಇದು ಹದೀಸಿನಲ್ಲಿ ಬಂದ ಆ ಒಂದೇ ತಪ್ಪಿಗೆ, ಅದೂ ಗಂಡಸಿನ ಮೇಲೆ ಮಾತ್ರ. ಹನಫಿ ಮದ್ಹಬಿನಲ್ಲಿ ವ್ಯಾಪ್ತಿ ದೊಡ್ಡದು. ರಾತ್ರಿಯೇ ನಿಯ್ಯತ್ ಮಾಡಿ ಹಿಡಿದ ರಂಝಾನಿನ ಉಪವಾಸವನ್ನು ಕಾರಣವಿಲ್ಲದೆ, ಬೇಕಂತಲೇ ತಿಂದು ಕುಡಿದು ಮುರಿದರೂ ಅರುವತ್ತು ಬರುತ್ತದೆ. ನಿಮ್ಮ ಅತ್ತೆಯವರು ಬಹುಶಃ ಇದನ್ನು ಕೇಳಿ ತಿಳಿದವರು. ಅವರು ಸುಮ್ನೆ ಹೇಳಿದ ಮಾತಲ್ಲ ಇದು. ಆದರೆ ಅಲ್ಲಿ ಮುಖ್ಯವಾದದ್ದು 'ಕಾರಣವಿಲ್ಲದೆ' ಅನ್ನುವುದು. ನಿಮ್ಮ 38 ದಿನಗಳಲ್ಲಿ ಒಂದೂ ಹಾಗೆ ಹೋದದ್ದಲ್ಲ. ರಕ್ತ ಕಮ್ಮಿ ಇದ್ದ ಬಸುರಿಗೆ, ಹಾಲು ಇಳಿಯುವ ತಾಯಿಗೆ ಶರೀಅತ್ತೇ ಬಿಡಲು ಅನುಮತಿ ಕೊಟ್ಟಿದೆ. ಮುಟ್ಟಿನ ದಿನಗಳಲ್ಲಂತೂ ಹಿಡಿಯುವುದೇ ಹರಾಂ. ಆದ್ದರಿಂದ ಅತ್ತೆಯವರ ಮದ್ಹಬಿನಲ್ಲೂ ನಿಮಗೆ ಅರುವತ್ತಿಲ್ಲ. ಇದನ್ನು ಅವರಿಗೆ ಗೌರವದಿಂದಲೇ ಹೇಳಿ.

ಪಕ್ಕದ ಮನೆಯವರ ಮಾತಿಗೂ ಒಂದು ಮೂಲ ಇದೆ. ಅಲ್‌ಬಖರಾ ಅಧ್ಯಾಯದ 184ನೇ ಆಯತ್ತಿನಲ್ಲಿ ಕಾಯಿಲೆಯವರು, ಪ್ರಯಾಣದಲ್ಲಿರುವವರು ಬೇರೆ ದಿನಗಳಲ್ಲಿ ಎಣಿಕೆ ತುಂಬಿಸಬೇಕು ಅಂತಿದೆ. ಅದರ ಹಿಂದೆಯೇ, ಬಡವರಿಗೆ ಊಟ ಕೊಡುವ ಫಿದ್ಯದ ಮಾತೂ ಬರುತ್ತದೆ. ಉಪವಾಸದ ಬದಲಿಗೆ ಫಿದ್ಯ ಕೊಟ್ಟು ಮುಗಿಸುವುದು ಇನ್ನು ಮುಂದೆ ಹಿಡಿಯಲು ಆಗುತ್ತದೆ ಅನ್ನುವ ಭರವಸೆಯೇ ಇಲ್ಲದವರಿಗೆ. ತೀರಾ ವಯಸ್ಸಾದವರಿಗೆ, ವಾಸಿಯಾಗದ ಕಾಯಿಲೆಯವರಿಗೆ. ನಿಮಗೆ ಆರೋಗ್ಯವಿದೆ. ನಿಮ್ಮ ಮೇಲೆ ಇರುವುದು ಖಳಾ, ಅಂದರೆ ದಿನಕ್ಕೆ ಒಂದು ದಿನ ತಿರುಗಿ ಹಿಡಿಯುವುದು.

ಈಗ ಅಕ್ಕಿಯ ವಿಷಯ. ಜನ ಜಾಸ್ತಿ ಎಡವುವುದು ಇಲ್ಲೇ. 38 ದಿನಗಳನ್ನು ಒಂದೇ ಮೂಟೆ ಕಟ್ಟಬೇಡಿ, ಬಿಟ್ಟ ಕಾರಣ ನೋಡಿ ಬೇರೆ ಮಾಡಿ.

ಬಸುರಿಯಾಗಿದ್ದಾಗ ಬಿಟ್ಟ 12 ನಿಮ್ಮ ದೇಹಕ್ಕೆ ತೊಂದರೆ ಅಂತ ಬಿಟ್ಟದ್ದು. ನಿಮ್ಮ ಬಗ್ಗೆಯೂ ಮಗುವಿನ ಬಗ್ಗೆಯೂ ಒಟ್ಟಿಗೆ ಹೆದರಿದ್ದರೂ ತೀರ್ಪು ಅದೇ. ಕಾಯಿಲೆಯವರ ಹಾಗೆ, ಖಳಾ ಮಾತ್ರ. ಮುಟ್ಟಿನ 6ಕ್ಕೂ ಖಳಾ ಮಾತ್ರ. ಉಪವಾಸವನ್ನು ತಿರುಗಿ ಹಿಡಿಯಬೇಕು, ನಮಾಝನ್ನು ತಿರುಗಿ ಮಾಡಬೇಕಿಲ್ಲ ಎಂದು ನಮಗೆ ಆಜ್ಞೆಯಾಗಿತ್ತು ಅಂತ ಆಯಿಶಾ ಬೀವಿಯವರೇ ಹೇಳಿದ್ದಾರೆ.

ಹಾಲು ಇಳಿಯುತ್ತದೆ ಅಂತ ಬಿಟ್ಟ 20 ಬೇರೆ. ಅಲ್ಲಿ ನೀವು ಗಟ್ಟಿಯಾಗಿದ್ದಿರಿ, ಹೆದರಿದ್ದು ಮಗುವಿಗಾಗಿ ಮಾತ್ರ. ಶಾಫಿ ಮದ್ಹಬಿನಲ್ಲಿ ಇದಕ್ಕೆ ಖಳಾದ ಜೊತೆ ದಿನಕ್ಕೊಂದು ಮುದ್ದ್ ಧಾನ್ಯವೂ ಇದೆ. ಆ ಆಯತ್ತಿಗೆ ಇಬ್ನ್ ಅಬ್ಬಾಸ್ ಅವರು ಕೊಟ್ಟ ವಿವರಣೆ ಇದಕ್ಕೆ ಆಧಾರ. ಇದರ ಹಿಂದಿನ ತರ್ಕ ನನಗೆ ಬಹಳ ಇಷ್ಟ. ಒಂದು ಉಪವಾಸ ಬಿಟ್ಟದ್ದರಿಂದ ಇಬ್ಬರಿಗೆ ಉಪಯೋಗ ಆಯಿತು, ತಾಯಿಗೂ ಮಗುವಿಗೂ. ಆದ್ದರಿಂದ ಖಳಾ ಒಂದು, ಫಿದ್ಯ ಇನ್ನೊಂದು. ಇದೇ ಸಾಲಿಗೆ ಫುಖಹಾಗಳು ಇನ್ನೊಬ್ಬರನ್ನೂ ಸೇರಿಸಿದ್ದಾರೆ. ನಿಮ್ಮೂರಿನ ಕಾವೇರಿಯಲ್ಲಿ ಯಾರೋ ಮುಳುಗುತ್ತಿದ್ದಾರೆ ಅಂದುಕೊಳ್ಳಿ. ಉಪವಾಸ ಮುರಿಯದೆ ಅವರನ್ನು ಎಳೆದು ತರಲು ಆಗುವುದಿಲ್ಲ ಅಂತಿದ್ದರೆ, ಮುರಿದು ಜೀವ ಉಳಿಸುವುದು ಕಡ್ಡಾಯ. ಆಮೇಲೆ ಅವರಿಗೂ ಖಳಾ ಮತ್ತು ಒಂದು ಮುದ್ದ್. ಈ ಫಿದ್ಯ ತಪ್ಪಿಗೆ ಹಾಕಿದ ದಂಡ ಅಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ ಅಲ್ವಾ? ಹಾಲು ಕುಡಿಯುವ ಮಕ್ಕಳು ಅವಳಿಯಾಗಿದ್ದರೂ ದಿನಕ್ಕೆ ಮುದ್ದ್ ಒಂದೇ.

ಇನ್ನು ತಡದ ಮಾತು. ಖಳಾವನ್ನು ಮುಂದಿನ ರಂಝಾನ್ ಒಳಗೆ ಮುಗಿಸಬೇಕು. ಬಾಕಿ ಉಪವಾಸಗಳನ್ನು ಶಅಬಾನ್ ತಿಂಗಳಲ್ಲಿ ಮಾತ್ರ ಹಿಡಿಯಲು ಆಗುತ್ತಿತ್ತು ಅಂತ ಆಯಿಶಾ ಬೀವಿಯವರು ಹೇಳಿದ್ದು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಅದಕ್ಕಿಂತ ಆಚೆಗೆ ಅವರು ದೂಡಲಿಲ್ಲ ಅನ್ನುವುದನ್ನು ಉಲಮಾಗಳು ಹಿಡಿದಿದ್ದಾರೆ. ಸಮಯ ಸಿಕ್ಕಿಯೂ ದೂಡಿದರೆ ಶಾಫಿ ಮದ್ಹಬಿನಲ್ಲಿ ದಿನಕ್ಕೊಂದು ಮುದ್ದ್ ಬರುತ್ತದೆ. ಇಬ್ನ್ ಅಬ್ಬಾಸ್ ಮತ್ತು ಅಬೂ ಹುರೈರಾ ಅವರ ಫತ್ವಾ ಹಾಗಿತ್ತು. ನಿಮ್ಮ 12ರ ಮೇಲೆ ಎರಡನೇ ರಂಝಾನ್ ಬಂದಾಗ ಏನೂ ಬರಲಿಲ್ಲ. ಯಾಕೆಂದರೆ ಆ ವರ್ಷವಿಡೀ ನೀವು ಬಸುರಿ, ಬಾಣಂತಿ, ಹಾಲೂಡಿಸುವ ತಾಯಿ. ಮೂರನೇ ರಂಝಾನ್ ಬಂದಾಗ ಹಾಗಲ್ಲ. ಮಗು ಹಾಲು ಬಿಟ್ಟ ಮೇಲೆ ಏಳು ತಿಂಗಳು ಕೈಯಲ್ಲಿತ್ತು. ಆದ್ದರಿಂದ 38 ದಿನಕ್ಕೂ ತಡದ ಮುದ್ದ್ ಕೊಡಬೇಕು.

ಹಾಲಿನ 20, ತಡದ 38, ಒಟ್ಟು 58 ಮುದ್ದ್. ಒಂದು ಮುದ್ದ್ ಅಂದರೆ ಹದವಾದ ಎರಡು ಅಂಗೈ ಜೋಡಿಸಿದರೆ ಹಿಡಿಯುವಷ್ಟು. ಅದು ಅಳತೆ, ತೂಕ ಅಲ್ಲ. ನಮ್ಮ ಕಡೆಯ ಉಸ್ತಾದರು ಸುಮಾರು 800 ಮಿಲಿಲೀಟರ್ ಲೆಕ್ಕ ಹೇಳುತ್ತಾರೆ. ಅಕ್ಕಿಯ ತೂಕ ತಳಿಯಿಂದ ತಳಿಗೆ ಬೇರೆಯಾಗುತ್ತದೆ. ಮುಕ್ಕಾಲು ಕಿಲೋ ಹಿಡಿದರೆ ಕೊರತೆ ಬೀಳದು. ಹಾಗೆ ನೋಡಿದರೆ ಸುಮಾರು 43 ಕಿಲೋ 500 ಗ್ರಾಂ ಅಕ್ಕಿ. ಆ ಖರ್ಜೂರದ ಬುಟ್ಟಿಯಲ್ಲಿ 15 ಸ್ವಾಅ್ ಇತ್ತು ಅಂತ ಕೆಲವು ವರದಿಗಳಲ್ಲಿದೆ. ಒಂದು ಸ್ವಾಅ್‌ಗೆ ನಾಲ್ಕು ಮುದ್ದ್, ಅಂದರೆ 60 ಮುದ್ದ್. ಅರುವತ್ತು ಬಡವರಿಗೆ ತಲೆಗೊಂದು. ಒಬ್ಬರ ಪಾಲು ಒಂದು ಮುದ್ದ್ ಅನ್ನುವ ಲೆಕ್ಕ ಶಾಫಿಗಳಿಗೆ ಅಲ್ಲಿ ಸಿಗುತ್ತದೆ.

ಕೊಡುವಾಗ ಕೆಲವು ವಿಷಯ ನೋಡಿಕೊಳ್ಳಿ. ಊರಿನ ಮುಖ್ಯ ಆಹಾರವನ್ನೇ ಕೊಡಬೇಕು, ಕೊಡಗಿನಲ್ಲಿ ಅದು ಅಕ್ಕಿ. ಶಾಫಿ ಮದ್ಹಬಿನಲ್ಲಿ ಅದರ ಬದಲಿಗೆ ದುಡ್ಡು ಸಾಲದು. ಅಂಗಡಿಗೆ ಹೋಗಲು ಆಗದಿದ್ದರೆ ಯಾರನ್ನಾದರೂ ನಿಮ್ಮ ಪ್ರತಿನಿಧಿಯನ್ನಾಗಿ ಮಾಡಿ, ಅವರ ಕೈಗೆ ದುಡ್ಡು ಕೊಟ್ಟು ಅಕ್ಕಿ ತೆಗೆಸಿ ಕೊಡಿಸಬಹುದು. ಪಡೆಯುವವರು ಫಖೀರ್ ಅಥವಾ ಮಿಸ್ಕೀನ್ ಆಗಿರಬೇಕು. ಮಸೀದಿ ಕಟ್ಟಲು, ಮದ್ರಸಾ ರಿಪೇರಿಗೆ ಇದು ಹೋಗುವುದಿಲ್ಲ. ಒಂದು ಮುದ್ದನ್ನು ಇಬ್ಬರಿಗೆ ಹಂಚಬಾರದು. ಆದರೆ ಒಬ್ಬರಿಗೇ ಹಲವು ಮುದ್ದ್ ಕೊಡಬಹುದು. ಕಫ್ಫಾರತ್ತಿಗೆ ಅರುವತ್ತು ಬೇರೆ ಬೇರೆ ಬಡವರೇ ಬೇಕು, ಫಿದ್ಯಕ್ಕೆ ಆ ಕಟ್ಟು ಇಲ್ಲ. ಲೈನ್ ಮನೆಯಲ್ಲಿರುವ ಒಂದು ಬಡ ಸಂಸಾರಕ್ಕೇ ಪೂರ್ತಿ ಕೊಟ್ಟರೂ ಸರಿ, ಅವರು ಫಿದ್ಯಕ್ಕೆ ಹಕ್ಕುದಾರರಾಗಿದ್ದರೆ.

ಹನಫಿ ಮದ್ಹಬಿನಲ್ಲಿ ಈ 58 ಮುದ್ದ್ ಇಲ್ಲವೇ ಇಲ್ಲ. ಆಯತ್ತಿನಲ್ಲಿ 'ಬೇರೆ ದಿನಗಳು' ಅಂತಷ್ಟೇ ಇದೆ, ಗಡುವೂ ಇಲ್ಲ, ತಡಕ್ಕೆ ಊಟದ ಮಾತೂ ಇಲ್ಲ ಅನ್ನುವುದು ಅವರ ವಾದ. ಹಾಲೂಡಿಸುವ ತಾಯಿಯನ್ನೂ ಅವರು ಕಾಯಿಲೆಯವರ ಸಾಲಿಗೇ ಸೇರಿಸುತ್ತಾರೆ. ಹಾಗಾದರೆ ಗಂಡನ ಮನೆಯ ಮದ್ಹಬ್ ಹಿಡಿದರೆ ಅಕ್ಕಿ ಉಳಿಯಿತಲ್ಲ ಅನ್ನಿಸಬಹುದು. ಮದುವೆಯಿಂದ ಮದ್ಹಬ್ ಬದಲಾಗುವುದಿಲ್ಲ. ಅನುಸರಿಸುವುದಾದರೆ ಅದಕ್ಕೆ ಅದರದೇ ಶರತ್ತುಗಳಿವೆ, ನಿಮ್ಮ ಮಹಲ್ಲಿನ ಖತೀಬರನ್ನು ಕೇಳಿ. ಕೊಡುವ ಶಕ್ತಿ ಇದ್ದರೆ ಕೊಟ್ಟುಬಿಡಿ ಅನ್ನುವುದು ನನ್ನ ಅಭಿಪ್ರಾಯ. ಕೊಟ್ಟರೆ ಎರಡೂ ಮದ್ಹಬಿನ ಪ್ರಕಾರ ಲೆಕ್ಕ ಚುಕ್ತಾ.

ಹಿಡಿಯುವುದು ಹೇಗೆ? ಒಂದೇ ಸಮ ಹಿಡಿಯಬೇಕಿಲ್ಲ. ವಾರಕ್ಕೆ ನಾಲ್ಕು ಹಿಡಿದು, ಮುಟ್ಟಿನ ವಾರ ಬಿಟ್ಟರೂ ತಿಂಗಳಿಗೆ ಹನ್ನೆರಡು ಹದಿಮೂರು ಆಗುತ್ತದೆ. ಮೂರು ತಿಂಗಳು ದಾಟುವಷ್ಟರಲ್ಲಿ 38 ಮುಗಿಯುತ್ತದೆ. ಉಪವಾಸ ನಿಷೇಧವಾದ ಎರಡು ಹಬ್ಬಗಳಾಗಲಿ, ಬಕ್ರೀದ್ ನಂತರದ ಮೂರು ದಿನಗಳಾಗಲಿ ಈ ನಾಲ್ಕು ತಿಂಗಳಲ್ಲಿ ಬರುವುದಿಲ್ಲ. ಈಗ ಹಗಲೂ ಸಣ್ಣದು. ಡಿಸೆಂಬರಿನಲ್ಲಿ ಸುಬಹಿಯಿಂದ ಮಗ್ರಿಬ್‌ವರೆಗಿನ ಹೊತ್ತು ನಮ್ಮಲ್ಲಿ ಜೂನ್‌ಗಿಂತ ಸುಮಾರು ಒಂದೂವರೆ ಗಂಟೆ ಕಮ್ಮಿ. ಕಾಫಿ ಕೊಯ್ಲಿನ ಗಡಿಬಿಡಿ ಇದ್ದರೆ ಆ ವಾರ ಎರಡೇ ಹಿಡಿಯಿರಿ. ಬರಾಅತ್ ದಿನ ಕಳೆದ ಮೇಲೆ ಸುನ್ನತ್ ಉಪವಾಸ ಹೊಸದಾಗಿ ಶುರು ಮಾಡಲು ಶಾಫಿಗಳಲ್ಲಿ ತಡೆಯಿದೆ, ಖಳಾಕ್ಕೆ ಆ ತಡೆ ಇಲ್ಲ.

ನಿಯ್ಯತ್ ಮಾತ್ರ ಸುಬಹಿಗೆ ಮುಂಚೆ, ರಾತ್ರಿಯೇ ಆಗಬೇಕು. ಖಳಾದ ವಿಷಯದಲ್ಲಿ ಎರಡೂ ಮದ್ಹಬ್‌ಗಳು ಹಾಗೇ ಹೇಳುತ್ತವೆ. ಬೆಳಿಗ್ಗೆ ಎದ್ದು, ಏನೂ ತಿಂದಿಲ್ಲವಲ್ಲ, ಇವತ್ತು ಹಿಡಿದುಬಿಡೋಣ ಅಂದರೆ ಅದು ಖಳಾ ಆಗುವುದಿಲ್ಲ.

ಅಕಸ್ಮಾತ್ ಹತ್ತು ಉಳಿದುಹೋದವು ಅಂತಿಟ್ಟುಕೊಳ್ಳಿ. ಶಾಫಿ ಮದ್ಹಬಿನ ಪ್ರಬಲ ಅಭಿಪ್ರಾಯದಂತೆ ತಡದ ಮುದ್ದ್ ವರ್ಷ ವರ್ಷಕ್ಕೂ ಏರುತ್ತದೆ. ಆ ಹತ್ತಕ್ಕೆ ಇನ್ನೂ ಹತ್ತು ಮುದ್ದ್ ಸೇರುತ್ತದೆ. ಹಾಲಿನ 20 ಮಾತ್ರ ಏರುವುದಿಲ್ಲ, ಅದು ಇಪ್ಪತ್ತೇ. ಅಕ್ಕಿಯನ್ನು ಈಗಲೇ ಕೊಡಬಹುದು, 38 ಮುಗಿಯುವವರೆಗೆ ಕಾಯಬೇಕಿಲ್ಲ.