ಗೊಬ್ಬರದ ನೈಟ್ರೇಟ್ ಮತ್ತು ಮೀನುಗಳ ಸಾವು

ಪ್ರಶ್ನೆ: ಹೊಲಕ್ಕೆ ಹಾಕಿದ ಯೂರಿಯಾದಿಂದ ನದಿ ಸೇರುವ ಕಡಲಿನಲ್ಲಿ ಮೀನು ಸಾಯೋದು ಹೇಗೆ? ನೈಟ್ರೇಟ್ ವಿಷ ಅಂತ ಬರೆದರೆ ಅಂಕ ಸಿಗುತ್ತಾ?

ಸಿಗುವುದು ಕಷ್ಟ. ಇಲ್ಲಿ ಮೀನು ಸಾಯುವುದು ಆಮ್ಲಜನಕ ಸಿಗದೆ.

100 ಕೆಜಿ ಯೂರಿಯಾದಲ್ಲಿ 46 ಕೆಜಿ ಸಾರಜನಕ ಇರುತ್ತದೆ. ಮಣ್ಣಲ್ಲಿ ಅದು ಮೊದಲು ಅಮೋನಿಯಂ ಆಗುತ್ತದೆ. ಅಮೋನಿಯಂಗೆ ಧನ ಆವೇಶ, ಜೇಡಿಮಣ್ಣಿನ ಕಣಕ್ಕೆ ಋಣ ಆವೇಶ. ಹಾಗಾಗಿ ಅಂಟಿಕೊಳ್ಳುತ್ತದೆ. ಆದರೆ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್‌ಗೂ ಋಣ ಆವೇಶವೇ ಅಲ್ವಾ, ಮಣ್ಣು ಹಿಡಿದಿಡುವುದಿಲ್ಲ. ಬೆಳೆ ಹೀರದೆ ಉಳಿದದ್ದು ಮಳೆನೀರಿನ ಜೊತೆ ನದಿಗೆ, ಅಲ್ಲಿಂದ ಕಡಲಿಗೆ ಹೋಗುತ್ತದೆ.

ಅಲ್ಲಿ ಆ ನೈಟ್ರೇಟೇ ಗೊಬ್ಬರವಾಗಿ ಪಾಚಿ ವಿಪರೀತ ಬೆಳೆಯುತ್ತದೆ. ಅಂದರೆ ಇಂಗಾಲದ ಡೈಆಕ್ಸೈಡ್ ಹೀರಿ ಜಾಸ್ತಿ ಇಂಗಾಲ ಕಟ್ಟಿಕೊಳ್ಳುತ್ತದೆ. ಸಾರಜನಕ ಚಕ್ರ ಮತ್ತು ಇಂಗಾಲ ಚಕ್ರ ಸೇರುವುದು ಇಲ್ಲೇ, ಬಹಳಷ್ಟು ಜನ ಬಿಡುವ ಹಂತವೂ ಇದೇ. ಸತ್ತ ಪಾಚಿ ತಳಕ್ಕಿಳಿಯುತ್ತದೆ. ಆ ಇಂಗಾಲವನ್ನು ತಿನ್ನುವ ಬ್ಯಾಕ್ಟೀರಿಯಾ ಉಸಿರಾಟಕ್ಕೆ ತಳದ ಆಮ್ಲಜನಕವನ್ನು ಬಳಸಿಬಿಡುತ್ತವೆ. ಬೇಸಿಗೆಯಲ್ಲಿ ಮೇಲಿನ ಬಿಸಿನೀರು ಕೆಳಗಿನ ತಣ್ಣೀರಿನ ಜೊತೆ ಬೆರೆಯದ ಕಾರಣ ಹೊಸ ಆಮ್ಲಜನಕ ಇಳಿಯುವುದಿಲ್ಲ. ಲೀಟರಿಗೆ 2 ಮಿಲಿಗ್ರಾಂಗಿಂತ ಕಡಿಮೆಯಾದರೆ ಈಜಬಲ್ಲ ಮೀನು ಓಡಿಹೋಗುತ್ತವೆ, ಉಳಿದವು ಸಾಯುತ್ತವೆ. ಮಿಸಿಸಿಪ್ಪಿ ನದಿ ಸೇರುವ ಮೆಕ್ಸಿಕೋ ಕೊಲ್ಲಿಯಲ್ಲಿ ಬೇಸಿಗೆಯಲ್ಲಿ ಹೀಗೇ ಆಗುತ್ತದೆ.

ಸಿಹಿನೀರಿನ ಕೆರೆ ಕೇಳಿದ್ದರೆ ರಂಜಕವನ್ನೂ ಬರೆಯಿರಿ. ಅಲ್ಲಿ ಪಾಚಿಗೆ ಕೊರತೆ ಇರುವುದು ಹೆಚ್ಚಾಗಿ ಅದರದ್ದೇ.