‘ಬೋರ್ಡು ಒಡೆಯಬೇಕು’ ಅಂತ ಕ್ಯಾಪ್ಶನ್ ಬಂದಾಗ

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ. ದೊಡ್ಡಪ್ಪ ತೋಟದ ಕೆಲಸ ವಿವರಿಸ್ತಾರೆ, ನಾನು ಫೋನಲ್ಲಿ ವಿಡಿಯೊ ಮಾಡಿ ಹಾಕ್ತೀನಿ. ಕನ್ನಡ ಕ್ಯಾಪ್ಶನ್ ತಾನಾಗೇ ಬರೋ ಹಾಗೆ ಇಟ್ಟಿದ್ದೀನಿ. ಆದ್ರೆ ಅರ್ಥವೇ ಕೆಟ್ಟು ಹೋಗುತ್ತೆ. ‘ಬೋರ್ಡು ಯಾಕೆ ಒಡೀಬೇಕು ಸಾರ್’ ಅಂತ ಒಬ್ಬರು ಕೇಳಿದ್ರು! ತಪ್ಪು ದೊಡ್ಡಪ್ಪನ ಹಳ್ಳಿ ಮಾತಿನದಾ, ನಡುವೆ ಬರೋ ಇಂಗ್ಲಿಷಿನದಾ, ಸ್ಪ್ರೇಯರ್ ಸದ್ದಿನದಾ? ಎರಡು ತುಣುಕು ಕಳಿಸಿದ್ದೀನಿ, ನೋಡಿ ಹೇಳಿ.

ಉತ್ತರ: ತುಣುಕುಗಳನ್ನು ಕೇಳಿದೆ. ಮೂರರದ್ದೂ ಪಾಲಿದೆ, ಆದರೆ ಒಂದೇ ವಾಕ್ಯದಲ್ಲಿ ಅಲ್ಲ. ನಗು ಬರಿಸಿದ ತಪ್ಪು ಒಂದು ಕಡೆ ಇದೆ. ನಿಜವಾಗಿ ಹೆದರಬೇಕಾದ ತಪ್ಪು ಇನ್ನೊಂದು ಕಡೆ ಇದೆ, ಅದನ್ನು ನೀವು ಗಮನಿಸಿದ ಹಾಗೆ ಕಾಣಲಿಲ್ಲ.

ಮೊದಲ ತುಣುಕಿನಲ್ಲಿ ದೊಡ್ಡಪ್ಪ ವಿವರಿಸೋದು ಕಾಫಿ ಎಲೆಗೆ ಬರೋ ತುಕ್ಕು ರೋಗ, ಅಂದರೆ ಲೀಫ್ ರಸ್ಟ್, ತಡೆಯೋಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯೋದನ್ನು. ಅವರು ಹೇಳಿದ್ದು ಇದು: “ಮಳೆ ಬರಾಕ್ ಮುಂಚೆ ಅರ್ಧ ಪರ್ಸೆಂಟ್ ಬೋರ್ಡೋ ಒಡೀಬೇಕು ಕಣಯ್ಯ, ಲೀಫ್ ರಸ್ಟ್ ಬಂದ್ಮೇಲೆ ಒಡುದ್ರೆ ಏನೂ ಉಪ್ಯೋಗಿಲ್ಲ.” ಕ್ಯಾಪ್ಶನ್ನಿನಲ್ಲಿ ಬಂದದ್ದು: “ಮಳೆ ಬರೋಕೆ ಮುಂಚೆ ಅರ್ಧ ಪರ್ಸೆಂಟ್ ಬೋರ್ಡು ಒಡೆಯಬೇಕು ಕಣಯ್ಯ ಲಿಪಿ ರಸ್ತೆ ಬಂದಮೇಲೆ ಒಡೆದರೆ ಏನೂ ಉಪಯೋಗವಿಲ್ಲ.”

ಮಾತನ್ನು ಬರಹಕ್ಕೆ ಇಳಿಸೋ ಯಂತ್ರಗಳನ್ನು ಮಾಡುವವರು ತಪ್ಪನ್ನು ಅಳೆಯೋದು ಪದ ಎಣಿಸಿ. ಬದಲಾದ ಪದ, ಬಿಟ್ಟುಹೋದ ಪದ, ಸುಮ್ನೆ ಸೇರಿಕೊಂಡ ಪದ, ಈ ಮೂರನ್ನೂ ಕೂಡಿ, ನಿಜವಾಗಿ ಆಡಿದ ಪದಗಳ ಸಂಖ್ಯೆಯಿಂದ ಭಾಗಿಸ್ತಾರೆ. ದೊಡ್ಡಪ್ಪ ಆಡಿದ್ದು 14 ಪದ, ಬದಲಾಗಿದ್ದು 8. ಅಂದರೆ ಸುಮಾರು 57 ಪರ್ಸೆಂಟ್ ತಪ್ಪು. ಕೇಳೋಕೆ ಭಯ ಆಗುತ್ತೆ. ಆದರೆ ಆ 8ರಲ್ಲಿ ‘ಬರೋಕೆ’, ‘ಬಂದಮೇಲೆ’, ‘ಉಪಯೋಗವಿಲ್ಲ’ ಈ ಮೂರನ್ನು ತಪ್ಪು ಅನ್ನೋಕೆ ನನಗೆ ಮನಸ್ಸಿಲ್ಲ. ಯಂತ್ರ ದೊಡ್ಡಪ್ಪನ ಮಾತನ್ನು ಎಲ್ಲರಿಗೂ ರೂಢಿಯಾದ ಕನ್ನಡಕ್ಕೆ ತಿರುಗಿಸಿದೆ, ಅಷ್ಟೇ. ಓದುವವರಿಗೆ ಏನೂ ನಷ್ಟವಿಲ್ಲ. ಕನ್ನಡದಲ್ಲಿ ಈ ಲೆಕ್ಕ ಯಾವಾಗಲೂ ಸ್ವಲ್ಪ ಕಟುವಾಗಿಯೇ ಬರುತ್ತೆ. ನಮ್ಮ ಪದಗಳು ಒಂದಕ್ಕೊಂದು ಅಂಟಿಕೊಳ್ಳೋದರಿಂದ ಒಂದು ಗುಣಿತ ಅಥವಾ ಒತ್ತಕ್ಷರ ತಪ್ಪಿದರೂ ಉದ್ದದ ಪದ ಪೂರ್ತಿ ತಪ್ಪು ಅಂತ ಎಣಿಕೆ ಆಗುತ್ತೆ. ಅದಕ್ಕೇ ಅಕ್ಷರಗಳನ್ನು ಎಣಿಸೋ ಲೆಕ್ಕವನ್ನೂ ಜೊತೆಗೆ ಇಟ್ಟುಕೊಳ್ತಾರೆ.

ಅರ್ಥ ಕೆಡಿಸಿದ್ದು ಉಳಿದ ಐದು ಪದ. ಅದರಲ್ಲಿ ‘ಒಡೆಯಬೇಕು’, ‘ಒಡೆದರೆ’ ಬಂದಿದ್ದು ಆಡುಮಾತಿನಿಂದ. ಹಾಸನದ ಕಡೆ ಹಳ್ಳಿಗಳಲ್ಲಿ ಪದದ ಮೊದಲಿನ ‘ಹ’ ಬಿದ್ದುಹೋಗುತ್ತೆ. ಹಾಲು ‘ಆಲು’ ಆಗುತ್ತೆ, ಹಾಕು ‘ಆಕು’ ಆಗುತ್ತೆ. ಹೊಡೀಬೇಕು ‘ಒಡೀಬೇಕು’ ಆದಾಗ ಅದು ಒಡೆಯೋ ಕ್ರಿಯೆಯ ಪಕ್ಕಕ್ಕೇ ಬಂದು ನಿಲ್ಲುತ್ತೆ. ಯಂತ್ರ ಇಲ್ಲಿ ಸದ್ದನ್ನು ಸರಿಯಾಗಿಯೇ ಕೇಳಿದೆ. ಆದರೆ ಅದು ಕಲಿತ ಕನ್ನಡದಲ್ಲಿ ಆ ಸದ್ದಿಗೆ ಇನ್ನೊಂದು ಅರ್ಥವೇ ಜಾಸ್ತಿ ರೂಢಿ. ‘ಏಳ್ತೀನಿ ಕೇಳು’ ಅಂದಾಗಲೂ ಇದೇ ಕಥೆ. ಹೇಳೋದಾ, ಎದ್ದೇಳೋದಾ ಅಂತ ಸದ್ದಿನಿಂದ ಮಾತ್ರ ತಿಳಿಯಲ್ಲ.

‘ಬೋರ್ಡು’, ‘ಲಿಪಿ’, ‘ರಸ್ತೆ’ ಇವು ಹೊರಗಿನ ಪದಗಳಿಂದ ಬಂದವು. ಬೋರ್ಡೋ ಅನ್ನೋದು ಫ್ರಾನ್ಸಿನ ಊರಿನ ಹೆಸರು, ಆದರೂ ಮಲೆನಾಡಿನ ತೋಟದಲ್ಲಿ ದಿನಾ ಬಳಸೋ ಮಾತು. ಕ್ಯಾಪ್ಶನ್ ಯಂತ್ರಗಳಿಗೆ ಕಲಿಸಿದ ಕನ್ನಡದಲ್ಲಿ ಇಂಥ ಪದ ಅಪರೂಪ. ಕಲಿಸಿದ ಕನ್ನಡ ಎಷ್ಟಿತ್ತು ಅನ್ನೋದೂ ಮುಖ್ಯ. 2022ರಲ್ಲಿ ಬಂದ, ಈಗ ಎಷ್ಟೋ ಆ್ಯಪುಗಳ ಒಳಗಿರುವ, ಮಾತನ್ನು ಬರಹಕ್ಕೆ ಇಳಿಸೋ ವಿಸ್ಪರ್ ಮಾದರಿಗೆ ಒಟ್ಟು 6,80,000 ಗಂಟೆ ಧ್ವನಿ ಕೊಟ್ಟಿದ್ದರು. ಅದರಲ್ಲಿ ಕನ್ನಡವನ್ನು ಕನ್ನಡದಲ್ಲೇ ಬರೆದ ಭಾಗ ಕೆಲವೇ ಗಂಟೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಓದಿದ ಮಾತು, ತೋಚಿದಂತೆ ಆಡಿದ ಮಾತು, ಹರಟೆ ಎಲ್ಲವನ್ನೂ ಸೇರಿಸಿ ಕನ್ನಡವೂ ಇರುವ ಧ್ವನಿ ಸಂಗ್ರಹ ಮಾಡಿದೆ. ಅಂಥದ್ದರಿಂದ ಕಲಿತ ಮಾದರಿ ಇರುವ ಆ್ಯಪ್ ಸಿಕ್ಕರೆ ಮೊದಲು ಅದನ್ನೇ ಪ್ರಯತ್ನಿಸಿ.

‘ಲೀಫ್ ರಸ್ಟ್ ಬಂದ್ಮೇಲೆ’ ಅನ್ನೋದು ‘ಲಿಪಿ ರಸ್ತೆ ಬಂದಮೇಲೆ’ ಆದದ್ದನ್ನು ನೋಡಿ. ಯಂತ್ರ ಒಂದೊಂದೇ ಪದ ಹಿಡಿದು ಬರೆಯಲ್ಲ, ಅಕ್ಕಪಕ್ಕ ಯಾವುದು ಹೊಂದುತ್ತೆ ಅಂತಲೂ ನೋಡುತ್ತೆ. ‘ರಸ್ತೆ ಬಂತು’ ಅನ್ನೋದು ನಾವು ದಿನಾ ಆಡೋ ಮಾತು. ಹಾಗಾಗಿ ತಪ್ಪು ಕೂಡ ಒಳ್ಳೇ ಕನ್ನಡದಲ್ಲೇ ಬರುತ್ತೆ, ಕಾಗುಣಿತ ಪರೀಕ್ಷೆಗೆ ಸಿಕ್ಕಿಬೀಳಲ್ಲ. ಅದೇ ವಾಕ್ಯದಲ್ಲಿ ‘ಪರ್ಸೆಂಟ್’ ಸರಿಯಾಗಿ ಬಂದಿದೆ. ಇಂಗ್ಲಿಷ್ ಪದ ಅನ್ನೋದೇ ತೊಂದರೆ ಆಗಿದ್ದರೆ ಅದೂ ಕೆಡಬೇಕಿತ್ತು ಅಲ್ವಾ? ಪೇಟೆಯಲ್ಲೂ ಸುದ್ದಿಯಲ್ಲೂ ಓಡಾಡೋ ಇಂಗ್ಲಿಷ್ ಪದಗಳು ಯಂತ್ರಕ್ಕೆ ಗೊತ್ತು. ತೋಟದೊಳಗೇ ಉಳಿದ ಪದಗಳು ಗೊತ್ತಿಲ್ಲ.

ಈಗ ಎರಡನೇ ತುಣುಕು. ಸ್ಪ್ರೇಯರ್ ಎಂಜಿನ್ ಓಡ್ತಾ ಇದೆ. ದೊಡ್ಡಪ್ಪ ಹೇಳ್ತಾರೆ: “ನೂರು ಲೀಟ್ರಿಗೆ ಅರ್ಧ ಕೇಜಿ ಮೈಲುತುತ್ತ, ಅರ್ಧ ಕೇಜಿ ಸುಣ್ಣ.” ಕ್ಯಾಪ್ಶನ್: “ನೂರು ಲೀಟ್ರಿಗೆ ಕೇಜಿ ಮೈಲುತುತ್ತ ಕೇಜಿ ಸುಣ್ಣ.” ಎಂಟು ಪದದಲ್ಲಿ ಎರಡು ಬಿಟ್ಟುಹೋಗಿವೆ, ತಪ್ಪು 25 ಪರ್ಸೆಂಟ್. ಅಂಕಿ ನೋಡಿದರೆ ಮೊದಲ ವಾಕ್ಯಕ್ಕಿಂತ ಎಷ್ಟೋ ವಾಸಿ. ಆದರೆ ಓದಿದವರು ಒಂದೊಂದು ಕೇಜಿ ಅಂದುಕೊಂಡು ಕಲಸ್ತಾರೆ, ದ್ರಾವಣ ಎರಡು ಪಟ್ಟು ಗಟ್ಟಿ ಆಗುತ್ತೆ. ನೂರು ಲೀಟರಿಗೆ ಒಂದು ಕೇಜಿ ಅನ್ನೋದು ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಒಂದು ಪರ್ಸೆಂಟ್ ಅಳತೆ. ನಿಮ್ಮ ಕಡೆ ಎಲ್ಲರಿಗೂ ಗೊತ್ತಿರೋದರಿಂದ ಯಾರಿಗೂ ಅನುಮಾನವೇ ಬರಲ್ಲ. ‘ಬೋರ್ಡು ಒಡೆಯಬೇಕು’ ಅಂತ ಓದಿದವರು ನಕ್ಕು ಪ್ರಶ್ನೆ ಕೇಳಿದರು. ಇದನ್ನು ಓದಿದವರು ಪ್ರಶ್ನೆ ಕೇಳಲ್ಲ, ಡ್ರಮ್ಮಿಗೆ ಸುರೀತಾರೆ.

ಬಿಟ್ಟುಹೋದದ್ದು ‘ಅರ್ಧ’ವೇ ಯಾಕೆ? ದೊಡ್ಡಪ್ಪ ‘ಕೇಜಿ’, ‘ಮೈಲುತುತ್ತ’ ಅನ್ನೋದನ್ನು ಒತ್ತಿ ಹೇಳ್ತಾರೆ, ‘ಅರ್ಧ’ವನ್ನು ಗಡಿಬಿಡಿಯಲ್ಲಿ ನುಂಗ್ತಾರೆ. ಎಂಜಿನ್ನಿನ ಗುಂಯ್ ಅನ್ನೋ ಸದ್ದಿನ ಕೆಳಗೆ ಅದು ಪೂರ್ತಿ ಮುಚ್ಚಿಹೋಗಿದೆ. ನಿಮಗೂ ನನಗೂ ಕೇಳುತ್ತೆ, ಯಾಕಂದರೆ ಅಲ್ಲೊಂದು ಅಳತೆ ಇರಬೇಕು ಅಂತ ನಮಗೆ ಮೊದಲೇ ಗೊತ್ತು. ಸದ್ದಿನಿಂದ ಇನ್ನೊಂದು ಕಾಟವೂ ಇದೆ. ದೊಡ್ಡಪ್ಪ ಸುಮ್ಮನಿದ್ದು ಎಂಜಿನ್ ಮಾತ್ರ ಓಡುವ ಜಾಗದಲ್ಲಿ ನಿಮ್ಮ ಕ್ಯಾಪ್ಶನ್ ‘ಧನ್ಯವಾದಗಳು’ ಅಂತ ಎರಡು ಸಲ ಬರೆದಿದೆ. ವಿಸ್ಪರ್ ಥರದ ಮಾದರಿಗಳು ಮಾತಿಲ್ಲದ ಕಡೆ ಹೀಗೆ ಇಲ್ಲದ ಮಾತು ಹುಟ್ಟಿಸೋದು ಗೊತ್ತಿರೋ ದೋಷವೇ. ಆ ಜಾಗವನ್ನು ಎಡಿಟ್ ಮಾಡುವಾಗಲೇ ಕತ್ತರಿಸಿಬಿಡಿ.

ನನ್ನ ಮಾತನ್ನೇ ನಂಬಬೇಡಿ, ನೀವೇ ಪರೀಕ್ಷೆ ಮಾಡಬಹುದು. ಅದೇ ಎರಡು ವಾಕ್ಯವನ್ನು ದೊಡ್ಡಪ್ಪನಿಂದ ಮನೆಯೊಳಗೆ, ಫ್ಯಾನ್ ಆರಿಸಿ, ಹೇಳಿಸಿ. ‘ಅರ್ಧ’ ವಾಪಸ್ ಬಂದರೆ ಅದು ಸದ್ದಿನ ತಪ್ಪೇ. ಆಮೇಲೆ ಅದೇ ಕೋಣೆಯಲ್ಲಿ ನೀವು ‘ಹೊಡೀಬೇಕು’ ಅಂತ ಹ ಸೇರಿಸಿ ಹೇಳಿ. ಅದು ಸರಿಯಾಗಿ ಬಂದು, ‘ಲಿಪಿ ರಸ್ತೆ’ ಮಾತ್ರ ಹಾಗೇ ಉಳಿದರೆ, ಮೊದಲನೆಯದು ಆಡುಮಾತಿನದು, ಎರಡನೆಯದು ಯಂತ್ರಕ್ಕೆ ಪದವೇ ಗೊತ್ತಿಲ್ಲದ್ದು. ಕಾರಣ ಬೇರೆಯಾದರೆ ಮದ್ದೂ ಬೇರೆ.

ಸದ್ದಿಗೆ ಮದ್ದು ಮೈಕ್. ಫೋನನ್ನು ಎರಡು ಮೀಟರ್ ದೂರ ಹಿಡಿದು ಮಾಡಿದ್ದೀರಿ. ಅಂಗಿಗೆ ಸಿಕ್ಕಿಸೋ ಕಾಲರ್ ಮೈಕನ್ನು ಬಾಯಿಂದ 20 ಸೆಂಟಿಮೀಟರಿನಲ್ಲಿ ಇಟ್ಟರೆ ದೂರ ಹತ್ತನೇ ಒಂದು ಪಾಲಾಗುತ್ತೆ. ಬಯಲಿನಲ್ಲಿ ಮಾತಿನ ಮಟ್ಟ ಸುಮಾರು 20 ಡೆಸಿಬಲ್ ಏರುತ್ತೆ. ಎಂಜಿನ್ ಮೈಕಿಗೆ ಹತ್ತಿರ ಬಾರದಿದ್ದರೆ ಅದರ ಸದ್ದು ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತೆ. ಘಟ್ಟದ ಗಾಳಿಗೆ ಮೈಕಿನ ಮೇಲೆ ಸ್ಪಂಜಿನ ಟೋಪಿ ಇರಲಿ. ಸದ್ದು ತೆಗೆಯೋ ಆ್ಯಪನ್ನು ಮಾತ್ರ ಕಣ್ಣು ಮುಚ್ಚಿ ಬಳಸಬೇಡಿ. ಅದು ಎಂಜಿನ್ ಜೊತೆ ಸ, ತ, ಟ ಥರದ ಸಣ್ಣ ವ್ಯಂಜನಗಳನ್ನೂ ಒರೆಸಿಬಿಡಬಹುದು. ಕಿವಿಗೆ ಹಿತವಾದ ಧ್ವನಿಯಿಂದ ಕ್ಯಾಪ್ಶನ್ ಇನ್ನೂ ಕೆಡೋದುಂಟು. ತೆಗೆದದ್ದು, ತೆಗೆಯದೇ ಇದ್ದದ್ದು ಎರಡಕ್ಕೂ ಕ್ಯಾಪ್ಶನ್ ಮಾಡಿಸಿ ಹೋಲಿಸಿ. ಅಳತೆ ಹೇಳುವಾಗ ಎಂಜಿನ್ ಆರಿಸೋದಂತೂ ಖರ್ಚಿಲ್ಲದ ಕೆಲಸ.

ಇಂಗ್ಲಿಷ್ ಬಗ್ಗೆ ಒಂದು ಚಿಕ್ಕ ವಿಷಯ. ನಿಮ್ಮ ವಿಡಿಯೊ ‘ಹಾಯ್ ಫ್ರೆಂಡ್ಸ್, ವೆಲ್ಕಮ್ ಟು ಅವರ್ ಚಾನೆಲ್’ ಅಂತ ಶುರುವಾಗುತ್ತೆ. ಭಾಷೆ ಯಾವುದು ಅಂತ ನಾವು ಹೇಳದಿದ್ದರೆ ವಿಸ್ಪರ್ ಮೊದಲ 30 ಸೆಕೆಂಡ್ ಕೇಳಿ ತಾನೇ ತೀರ್ಮಾನ ಮಾಡುತ್ತೆ. ಆಯ್ಕೆ ಇರೋ ಕಡೆ ಭಾಷೆಯನ್ನು ಕನ್ನಡ, ಅಂದರೆ `kn`, ಅಂತ ಮೊದಲೇ ಕೊಡಿ.

ಆಡುಮಾತಿಗೆ ಮದ್ದು ದೊಡ್ಡಪ್ಪನನ್ನು ತಿದ್ದೋದಲ್ಲ. ಕ್ಯಾಮೆರಾ ಮುಂದೆ ‘ಹ’ ಸೇರಿಸಿ ಮಾತಾಡಿ ಅಂದರೆ ಅವರು ಮಾತಾಡೋದನ್ನೇ ನಿಲ್ಲಿಸ್ತಾರೆ. ಕ್ಯಾಪ್ಶನ್ ಫೈಲನ್ನು ಎಸ್‌ಆರ್‌ಟಿ ರೂಪದಲ್ಲಿ ಇಳಿಸಿಕೊಂಡು ನೀವೇ ತಿದ್ದಿ. ಅದು ಬರೀ ಪಠ್ಯ, ಹೀಗಿರುತ್ತೆ:

```
12
00:01:04,200 --> 00:01:07,800
ನೂರು ಲೀಟ್ರಿಗೆ ಅರ್ಧ ಕೇಜಿ ಮೈಲುತುತ್ತ,
ಅರ್ಧ ಕೇಜಿ ಸುಣ್ಣ
```

ಸಮಯದ ಸಾಲನ್ನು ಮುಟ್ಟಬೇಡಿ, ಕೆಳಗಿನ ಪದಗಳನ್ನು ಮಾತ್ರ ತಿದ್ದಿ. ಯುನಿಕೋಡಿನಲ್ಲಿ ಟೈಪ್ ಮಾಡಿ, ಉಳಿಸುವಾಗ `UTF-8` ಆಯ್ದುಕೊಳ್ಳಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದರೆ ವಿಡಿಯೊದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ.

ಎಷ್ಟು ತಿದ್ದಬೇಕು ಅನ್ನೋದು ನಿಮ್ಮ ರುಚಿಗೆ ಬಿಟ್ಟದ್ದು. ನಾನಾದರೆ ‘ಬರಾಕ್’, ‘ಕಣಯ್ಯ’, ‘ಬಂದ್ಮೇಲೆ’ ಎಲ್ಲ ದೊಡ್ಡಪ್ಪ ಆಡಿದ ಹಾಗೇ ಬಿಡ್ತೀನಿ. ‘ಒಡೀಬೇಕು’ ಥರ ಎರಡು ಅರ್ಥಕ್ಕೆ ಎಡೆ ಕೊಡುವ ಕಡೆ ಮಾತ್ರ ‘ಹ’ ಸೇರಿಸ್ತೀನಿ. ಪದೇ ಪದೇ ಬರೋ ತಪ್ಪುಗಳಿಗೆ ಒಂದು ಪಟ್ಟಿ ಮಾಡಿಕೊಂಡು ಹುಡುಕಿ ಬದಲಾಯಿಸಬಹುದು. ಆದರೆ ‘ಲಿಪಿ ರಸ್ತೆ’ ಅಂತ ಜೋಡಿಯನ್ನೇ ಹುಡುಕಿ. ಬರೀ ‘ರಸ್ತೆ’ಯನ್ನು ಬದಲಾಯಿಸಿದರೆ ತೋಟಕ್ಕೆ ಹೋಗೋ ರಸ್ತೆಯೂ ರಸ್ಟ್ ಆಗಿಬಿಡುತ್ತೆ.

ಪೂರ್ತಿ ತಿದ್ದೋಕೆ ಸಮಯ ಇಲ್ಲದ ದಿನ ಅಳತೆಯ ಸಾಲುಗಳನ್ನಾದರೂ ಧ್ವನಿ ಕೇಳಿಕೊಂಡು ನೋಡಿ: ಅರ್ಧ, ಕಾಲು, ಒಂದೂವರೆ, ಕೇಜಿ, ಲೀಟರ್, ಎಂಎಲ್, ಮತ್ತೆ ‘ಹಾಕಬೇಡಿ’, ‘ಹೊಡೀಬಾರದು’ ಅಂತ ಬೇಡ ಹೇಳಿದ ಜಾಗಗಳು. ಈಗಾಗಲೇ ಹಾಕಿರೋ ಬೋರ್ಡೋ ವಿಡಿಯೊದಲ್ಲಿ ಆ ‘ಕೇಜಿ’ ಸಾಲನ್ನು ಇವತ್ತೇ ತಿದ್ದಿ. ಬೋರ್ಡು ಒಡೆಯೋದು ಇನ್ನೊಂದು ವಾರ ಕಾದರೂ ಪರವಾಗಿಲ್ಲ.